ಬೀಮ್, ಡಕ್ಟ್, ಡ್ರೈನ್ ಪೈಪು: ಸಮನ್ವಯ ಮಾಡೆಲಿನ ಕ್ಲ್ಯಾಶ್ ಪಟ್ಟಿಯನ್ನು ಓದುವ ಬಗೆ

ಕಾಸರಗೋಡು, ಮಂಜೇಶ್ವರ, ಕುಂಬಳೆ ಕಡೆ ಈಗ ಏಳುತ್ತಿರುವ ಮೂರು ನಾಲ್ಕು ಮಾಳಿಗೆಯ ಆಸ್ಪತ್ರೆ, ಲಾಡ್ಜ್, ವಾಣಿಜ್ಯ ಕಟ್ಟಡಗಳಲ್ಲಿ ಸ್ಟ್ರಕ್ಚರ್ ಮಾಡೆಲ್ ಒಂದು ಊರಿನಿಂದ, ಪ್ಲಂಬಿಂಗ್ ಇನ್ನೊಂದರಿಂದ, ಎ.ಸಿ. ಡಕ್ಟಿನ ಮಾಡೆಲ್ ಮತ್ತೊಂದರಿಂದ ಬರುವುದು ಮಾಮೂಲು. ಮೂರನ್ನೂ ಕೂಡಿಸಿ, ಒಂದರ ವಸ್ತು ಇನ್ನೊಂದರ ಜಾಗಕ್ಕೆ ನುಗ್ಗಿದೆಯೇ ಎಂದು ಹುಡುಕುವ ಕ್ಲ್ಯಾಶ್ ಪರೀಕ್ಷೆ ಓಡಿಸಿದಾಗ ಬರುವ ಸಂಖ್ಯೆಯಿಂದ ಮಾತ್ರ ಏನೂ ತಿಳಿಯುವುದಿಲ್ಲ. ಆ ಸಂಖ್ಯೆಯ ಹಿಂದೆ ಫೈಲಿನ ದೋಷ ಇರಬಹುದು, ಪರೀಕ್ಷೆಯ ಸೆಟ್ಟಿಂಗಿನ ದೋಷ ಇರಬಹುದು, ನಿಜವಾಗಿ ಜಾಗವೇ ಇಲ್ಲದಿರಬಹುದು. ಈ ಮೂರನ್ನು ಬೇರ್ಪಡಿಸುವ ದಾರಿ ಕೆಳಗಿದೆ. ಉದಾಹರಣೆಗಳು ರೆವಿಟ್‌ನಲ್ಲಿ ಬರೆದು ನೇವಿಸ್‌ವರ್ಕ್ಸ್ ಮ್ಯಾನೇಜ್‌ನಲ್ಲಿ ಕೂಡಿಸಿದ ಮಾಡೆಲಿನವು. ನೇವಿಸ್‌ವರ್ಕ್ಸ್‌ನ ಸಿಮ್ಯುಲೇಟ್ ಮತ್ತು ಫ್ರೀಡಂ ಆವೃತ್ತಿಗಳಲ್ಲಿ Clash Detective ಇರುವುದಿಲ್ಲ. ಆ ಗುಂಡಿ ಕಾಣದೆ ಹುಡುಕುತ್ತಿದ್ದರೆ ಮೊದಲು ಆವೃತ್ತಿ ನೋಡಿ.

ಲಕ್ಷಣ: ಮೊದಲ ಬಾರಿಗೇ ಸಾವಿರಾರು ಕ್ಲ್ಯಾಶ್

ಪಟ್ಟಿಯ ಒಂದೊಂದು ಸಾಲನ್ನೂ ತೆರೆಯಲು ಹೋಗಬೇಡಿ. ಮಾಡೆಲಿನಲ್ಲಿ ಎಲ್ಲರೂ ಒಪ್ಪಿಕೊಂಡ ಒಂದು ಮೂಲೆಗೆ ಹೋಗಿ. A-1 ಗ್ರಿಡ್ ಕಂಬ ಇದಕ್ಕೆ ಅನುಕೂಲ. ಸ್ಟ್ರಕ್ಚರಿನ ಕಂಬದ ಪಕ್ಕದಲ್ಲಿ ಪ್ಲಂಬಿಂಗ್ ಶಾಫ್ಟ್ ಇರಬೇಕಾದಲ್ಲಿಯೇ ಇದೆಯೇ, ಡಕ್ಟ್ ಕಟ್ಟಡದ ಒಳಗೇ ಇದೆಯೇ ಎಂದು ಕಣ್ಣಿಂದ ನೋಡಿದರೆ ಸಾಕು. ಇದಕ್ಕೆ ಎರಡು ನಿಮಿಷವೂ ಬೇಡ.

ಒಂದು ಮಾಡೆಲ್ ಪೂರ್ತಿ ದೂರ ಬಿದ್ದಿದ್ದರೆ ಅಥವಾ ತಿರುಗಿ ನಿಂತಿದ್ದರೆ ರಫ್ತು ಮಾಡುವಾಗ ಒಬ್ಬರು Shared, ಇನ್ನೊಬ್ಬರು Project Internal ನಿರ್ದೇಶಾಂಕ ಆರಿಸಿದ್ದಾರೆ ಎಂದರ್ಥ. ಮೂವರೂ Shared ಆರಿಸಿ ಮತ್ತೆ ರಫ್ತು ಮಾಡಬೇಕು. ಅದಕ್ಕೂ ಮೊದಲು ಮೂರೂ ಫೈಲುಗಳು ಒಂದೇ ಮೂಲ ಫೈಲಿನಿಂದ ನಿರ್ದೇಶಾಂಕ ಪಡೆದಿವೆಯೇ ಎಂದು ಕೇಳಿ. ಮಾಡೆಲ್ ಬೆಟ್ಟದಷ್ಟು ದೊಡ್ಡದಾಗಿಯೋ ಚುಕ್ಕಿಯಷ್ಟು ಚಿಕ್ಕದಾಗಿಯೋ ಕಂಡರೆ ಅಳತೆಯ ಏಕಮಾನ ತಪ್ಪಿದೆ. Selection Tree ಯಲ್ಲಿ ಆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ Units and Transform ತೆರೆದರೆ ಅಲ್ಲಿಯೇ ಗೊತ್ತಾಗುತ್ತದೆ. ಅಲ್ಲಿ ಕೈಯಿಂದ ಸರಿಸಿ ಕೂರಿಸಿಬಿಡುವ ಆಸೆ ಬರುತ್ತದೆ, ಅದು ಬೇಡ. ಮೂಲ ಮಾಡೆಲಿನಲ್ಲಿ ದೋಷ ಹಾಗೆಯೇ ಉಳಿಯುತ್ತದೆ, ಆಮೇಲೆ ಆ ಫೈಲಿನಿಂದಲೇ ಸೈಟಿಗೆ ನಕ್ಷೆ ಹೋಗುತ್ತದೆ.

ಇದಕ್ಕಿಂತ ಕಷ್ಟದ್ದು, ಎಲ್ಲ ಸರಿಯಾಗಿ ಕೂತಂತೆ ಕಂಡೂ ತಪ್ಪಿರುವ ಸಂದರ್ಭ. ಫಲಿತಾಂಶದ Distance ಕಾಲಮ್ಮನ್ನು ಗಮನಿಸಿ. ಹಾರ್ಡ್ ಕ್ಲ್ಯಾಶಿನಲ್ಲಿ ಅಲ್ಲಿ ಬರುವ ಋಣ ಸಂಖ್ಯೆ ಒಂದು ವಸ್ತು ಇನ್ನೊಂದರೊಳಗೆ ಎಷ್ಟು ಹೊಕ್ಕಿದೆ ಎಂಬುದನ್ನು ಹೇಳುತ್ತದೆ. ನಿಜವಾದ ಘರ್ಷಣೆಗಳಾದರೆ ಆ ಸಂಖ್ಯೆಗಳು ಚದುರಿರುತ್ತವೆ. ಇಡೀ ಮಾಳಿಗೆಯಲ್ಲಿ ನೂರಾರು ಸಾಲು 50 ಮಿ.ಮೀ. ಸುತ್ತಮುತ್ತಲೇ ಇದ್ದರೆ ಅನುಮಾನ ಪಡಬೇಕಾದದ್ದು ಲೆವೆಲ್ಲನ್ನು. ಆರ್ಕಿಟೆಕ್ಟರ ಲೆವೆಲ್ ಟೈಲ್ಸ್ ಹಾಕಿದ ನೆಲದ್ದು, ಸ್ಟ್ರಕ್ಚರಿನ ಲೆವೆಲ್ ಕಾಂಕ್ರೀಟಿನ ಮೇಲ್ಮೈಯದು, ಎರಡರ ನಡುವೆ ನೆಲದ ಗಾರೆ, ಟೈಲ್ಸು ಸೇರಿ 50ರಿಂದ 75 ಮಿ.ಮೀ. ಇರುತ್ತದೆ. ಪ್ಲಂಬಿಂಗಿನವರು ಒಂದನ್ನು, ಡಕ್ಟಿನವರು ಇನ್ನೊಂದನ್ನು ಶೂನ್ಯ ಎಂದು ಹಿಡಿದಿದ್ದರೆ ಈ ಪಟ್ಟಿ ಹುಟ್ಟುತ್ತದೆ. ಒಂದು ಲೆವೆಲ್ಲನ್ನು ಸರಿಪಡಿಸಿದರೆ ಆ ನೂರಾರು ಸಾಲು ಒಟ್ಟಿಗೆ ಹೋಗುತ್ತವೆ.

ಲಕ್ಷಣ: ಕಣ್ಣಿಗೆ ಕಾಣುತ್ತದೆ, ಪಟ್ಟಿಯಲ್ಲಿ ಮಾತ್ರ ಸೊನ್ನೆ

ಸಾವಿರ ಬಂದದ್ದಕ್ಕಿಂತ ಇದು ಅಪಾಯದ್ದು. ಸೊನ್ನೆ ಕಂಡರೆ ಎಲ್ಲರೂ ನೆಮ್ಮದಿಯಿಂದ ಮುಂದಕ್ಕೆ ಹೋಗಿಬಿಡುತ್ತಾರೆ.

ಮೊದಲು ಪರೀಕ್ಷೆಯ ಎರಡೂ ಬದಿಯ ಆಯ್ಕೆಯಲ್ಲಿ ಏನಾದರೂ ಇದೆಯೇ ನೋಡಿ. ಫೈಲಿನ ಹೆಸರು ಅಥವಾ ವಸ್ತುವಿನ ವರ್ಗ ಬದಲಾದರೆ ಹುಡುಕು-ಸೆಟ್ ಖಾಲಿಯಾಗಿ ಕೂತಿರುತ್ತದೆ. ಆಗಲೂ ಪರೀಕ್ಷೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಸೆಟ್ ಮೇಲೆ ಕ್ಲಿಕ್ ಮಾಡಿದಾಗ ಪರದೆಯಲ್ಲಿ ಪೈಪುಗಳು ಬಣ್ಣ ತಿರುಗಬೇಕು. ಅದೇ ಜಾಗದಲ್ಲಿ ಮೇಲ್ಮೈಯ ಗುಂಡಿ ಒತ್ತಿದೆಯೇ ಎಂದೂ ನೋಡಿ. ಗೆರೆ ಮತ್ತು ಚುಕ್ಕಿ ಮಾತ್ರ ಆರಿಸಿದ್ದರೆ ಘನ ವಸ್ತುಗಳ ತಾಗುವಿಕೆ ಸಿಗುವುದಿಲ್ಲ.

ಮುಂದಿನದು Tolerance. ಆ ಸಂಖ್ಯೆಗಿಂತ ಕಡಿಮೆ ಹೊಕ್ಕಿದ್ದನ್ನು ತಂತ್ರಾಂಶ ಬಿಟ್ಟುಬಿಡುತ್ತದೆ. ಪರದೆಯ ಏಕಮಾನ ಮೀಟರ್ ಆಗಿದ್ದಾಗ ಮಿ.ಮೀ. ಎಂದುಕೊಂಡು 10 ಹಾಕಿದರೆ ಹತ್ತು ಮೀಟರಿನೊಳಗಿನ ಎಲ್ಲವನ್ನೂ ಮನ್ನಿಸಿದಂತಾಯಿತು. ಬೀಮ್ ಮತ್ತು ಡ್ರೈನ್ ಪೈಪಿನ ಪರೀಕ್ಷೆಗೆ 10 ಮಿ.ಮೀ. ಒಳ್ಳೆಯ ಆರಂಭ. Rules ಪುಟದಲ್ಲಿ ಒಂದೇ ಫೈಲಿನ ವಸ್ತುಗಳನ್ನು ಬಿಡುವ ನಿಯಮ ಹಾಕಿದ್ದೀರಾ, ಅದೂ ಮುಖ್ಯ. ಪ್ಲಂಬಿಂಗ್ ಮತ್ತು ಡಕ್ಟ್ ಎರಡನ್ನೂ ಒಬ್ಬರೇ ಮಾಡಿ ಒಂದೇ ಫೈಲಾಗಿ ಕೊಟ್ಟಿದ್ದರೆ ಆ ನಿಯಮ ಎರಡರ ನಡುವಿನ ಎಲ್ಲ ಕ್ಲ್ಯಾಶನ್ನೂ ನುಂಗಿಬಿಡುತ್ತದೆ.

ಇದೆಲ್ಲ ಸರಿಯಿದ್ದೂ ಸೊನ್ನೆಯೇ ಬಂದರೆ ಪರೀಕ್ಷೆಯ ಬಗೆಯನ್ನು Hard ನಿಂದ Hard (Conservative) ಗೆ ಬದಲಿಸಿ ಒಮ್ಮೆ ಓಡಿಸಿ. ನೇವಿಸ್‌ವರ್ಕ್ಸ್ ಪ್ರತಿ ವಸ್ತುವನ್ನೂ ತ್ರಿಕೋನಗಳ ಹೊದಿಕೆಯಾಗಿ ನೋಡುತ್ತದೆ. ಸಾಮಾನ್ಯ ಹಾರ್ಡ್ ಪರೀಕ್ಷೆ ತ್ರಿಕೋನ ತ್ರಿಕೋನವನ್ನು ಕತ್ತರಿಸುವುದನ್ನು ಮಾತ್ರ ಹಿಡಿಯುತ್ತದೆ. ಒಂದೇ ರೇಖೆಯಲ್ಲಿರುವ ಎರಡು ಸಮಾಂತರ ಪೈಪುಗಳ ತುದಿ ಒಂದರ ಮೇಲೊಂದು ಬಿದ್ದಿದ್ದರೆ ತ್ರಿಕೋನಗಳು ಕತ್ತರಿಸದೇ ಇರಬಹುದು. ಕನ್ಸರ್ವೇಟಿವ್ ಬಗೆ ಅದನ್ನೂ ತೋರಿಸುತ್ತದೆ, ಜೊತೆಗೆ ನಿಜವಲ್ಲದ ಕೆಲವನ್ನೂ ತರುತ್ತದೆ. ಆದ್ದರಿಂದ ದಿನನಿತ್ಯಕ್ಕೆ ಬೇಡ, ಅನುಮಾನ ಬಂದಾಗ ಸಾಕು.

ಲಕ್ಷಣ: ಒಂದೇ ಪೈಪು ನಲವತ್ತು ಸಾಲಿನಲ್ಲಿ

ಇದು ದೋಷವಲ್ಲ, ಎಣಿಕೆಯ ರೀತಿ. ಒಂದು ಡ್ರೈನ್ ಲೈನಿನಲ್ಲಿ ತುಂಡು ಪೈಪು, ಎಲ್ಬೋ, ಟೀ ಎಲ್ಲ ಬೇರೆ ಬೇರೆ ವಸ್ತುಗಳು. ಡಕ್ಟಿನ ತಗಡು ಒಂದು, ಅದರ ಇನ್ಸುಲೇಶನ್ ಇನ್ನೊಂದು. ಹೀಗೆ ಒಂದು ತಾಗುವಿಕೆ ನಾಲ್ಕಾರು ಸಾಲಾಗುತ್ತದೆ. ಒಂದೇ ಕಾರಣದ ಸಾಲುಗಳನ್ನು ಒಂದು ಗುಂಪು ಮಾಡಿ, ಗುಂಪಿಗೆ ಕಾರಣದ ಹೆಸರಿಡಿ: "1ನೇ ಮಾಳಿಗೆ, ಗ್ರಿಡ್ C-4, ಡ್ರೈನ್ ಮತ್ತು ಡಕ್ಟ್". ಸಭೆಯಲ್ಲಿ ಚರ್ಚೆಗೆ ಬರಬೇಕಾದದ್ದು ಗುಂಪುಗಳ ಸಂಖ್ಯೆ.

ಲಕ್ಷಣ: ಕಾರಿಡಾರಿನ ಸೀಲಿಂಗಿನೊಳಗೆ ಡಕ್ಟ್ ಮತ್ತು ಡ್ರೈನ್ ಒಂದನ್ನೊಂದು ಕೊಯ್ಯುತ್ತವೆ

ಫೈಲು ಸರಿ, ಸೆಟ್ಟಿಂಗ್ ಸರಿ, ಆದರೂ ಈ ಗುಂಪು ಹೋಗುತ್ತಿಲ್ಲ. ಹಾಗಿದ್ದರೆ ಇದು ನಿಜವಾದ ಕ್ಲ್ಯಾಶ್. ಇಲ್ಲಿ ಮೊದಲ ಕೆಲಸ ಪೈಪಿನ ಇಳಿಜಾರು ನೋಡುವುದು. ರೆವಿಟ್‌ನಲ್ಲಿ ಪೈಪು ಆರಿಸಿದರೆ Slope ಎಂಬ ಗುಣ ಕಾಣುತ್ತದೆ. ಅಲ್ಲಿ ಸೊನ್ನೆ ಇದ್ದರೆ ಪ್ಲಂಬಿಂಗಿನವರು ಡ್ರೈನನ್ನು ಮಟ್ಟಸವಾಗಿ ಎಳೆದಿದ್ದಾರೆ, ಆ ಪೈಪಿನ ಮೇಲೆ ಮಾಡಿದ ಯಾವ ಪರೀಕ್ಷೆಗೂ ಬೆಲೆಯಿಲ್ಲ. ನೀರಿನ ಪೈಪು ಒತ್ತಡದಿಂದ ಹತ್ತಿ ಇಳಿಯುತ್ತದೆ, ಡಕ್ಟ್ ಬಾಗುತ್ತದೆ, ಚಪ್ಪಟೆಯಾಗುತ್ತದೆ. ಡ್ರೈನ್ ಮಾತ್ರ ಇಳಿಯಲೇಬೇಕು, ಒಂದು ಸಲ ಇಳಿದದ್ದು ಮತ್ತೆ ಏರುವ ಹಾಗಿಲ್ಲ. ಆದ್ದರಿಂದ ಯಾರು ಸರಿಯಬೇಕು ಎಂಬ ಪ್ರಶ್ನೆಗೆ ಕ್ರಮ ಇದು: ಬೀಮ್ ನಿಲ್ಲುತ್ತದೆ, ಆಮೇಲೆ ಡ್ರೈನ್, ಆಮೇಲೆ ಡಕ್ಟ್, ಉಳಿದ ಜಾಗ ನೀರಿನ ಪೈಪು ಮತ್ತು ಕೇಬಲ್‌ಗಳಿಗೆ.

ಒಂದು ಲೆಕ್ಕ ಹಾಕೋಣ. ಸಣ್ಣ ಆಸ್ಪತ್ರೆಯೊಂದರ ಕಾರಿಡಾರು. ನೆಲದಿಂದ ನೆಲಕ್ಕೆ 3600 ಮಿ.ಮೀ. ಮೇಲಿನ ನೆಲದ ಟೈಲ್ಸು, ಗಾರೆ 50, ಸ್ಲ್ಯಾಬ್ 150, ಹಾಗಾಗಿ ಸ್ಲ್ಯಾಬಿನ ತಳ 3400ರಲ್ಲಿ. ಬೀಮಿನ ಒಟ್ಟು ಆಳ 600, ಅದರ ತಳ 2950ರಲ್ಲಿ. ಕಾರಿಡಾರಿನ ಎರಡೂ ಅಂಚಿಗೆ ಉದ್ದಕ್ಕೆ ಬೀಮ್ ಇದೆ, ನಡುವೆ 2.4 ಮೀಟರ್. ಫಾಲ್ಸ್ ಸೀಲಿಂಗಿನ ಕೆಳಮೈ 2400ರಲ್ಲಿ, ಅದರ ಫ್ರೇಮಿಗೆ 75 ಬೇಕು, ಅಂದರೆ 2475ರಿಂದ ಮೇಲಕ್ಕೆ ನಮ್ಮ ಜಾಗ.

ಡಕ್ಟ್ ಕಾರಿಡಾರಿನ ಉದ್ದಕ್ಕೆ ಹೋಗುತ್ತದೆ: 600 × 300, ಸುತ್ತ 25 ಇನ್ಸುಲೇಶನ್, ಹಾಗಾಗಿ 650 × 350. ಅಡ್ಡ ಬೀಮುಗಳ ಕೆಳಗೆ 25 ಬಿಟ್ಟರೆ ಮೇಲ್ಮೈ 2925, ತಳ 2575, ಹಿಡಿದ ಆಂಗಲ್‌ಗೆ 40 ಸೇರಿ 2535. ಸೀಲಿಂಗ್ ಫ್ರೇಮಿಗೆ 60 ಮಿ.ಮೀ. ಉಳಿಯಿತು. ಡಕ್ಟ್ ಒಂದೇ ಇದ್ದರೆ ಯಾವ ತೊಂದರೆಯೂ ಇಲ್ಲ.

ಈಗ ಮೇಲಿನ ಮಾಳಿಗೆಯ ಟಾಯ್ಲೆಟ್ ಕಾರಿಡಾರಿನ ಪಶ್ಚಿಮಕ್ಕೆ, ಪ್ಲಂಬಿಂಗ್ ಶಾಫ್ಟ್ ಪೂರ್ವಕ್ಕೆ. 110 ಮಿ.ಮೀ. ಪೈಪು ಕಾರಿಡಾರನ್ನು ಅಡ್ಡ ದಾಟಬೇಕು. ಇಳಿಜಾರು 1:60 ಎಂದರೆ ಮೀಟರಿಗೆ ಸುಮಾರು 17, ಕಾರಿಡಾರಿನ 2.4 ಮೀಟರಿಗೆ 40 ಮಿ.ಮೀ. ಇಳಿತ.

ಬೀಮಿನ ಕೆಳಗಿನಿಂದ ದಾಟಿಸಿದರೆ ಏನಾಗುತ್ತದೆ ನೋಡಿ. 25 ಬಿಟ್ಟು ಪೈಪಿನ ಮೇಲ್ಮೈ 2925, ತಳ 2815. ಪೂರ್ವದ ಬೀಮ್ ತಲುಪುವಾಗ ತಳ 2775. ಇದು ನೇರವಾಗಿ ಡಕ್ಟಿನ ಹೊಟ್ಟೆಯೊಳಗೆ. ಡಕ್ಟನ್ನು 900 × 200 ಮಾಡಿ ಚಪ್ಪಟೆ ಮಾಡೋಣ, ವಿಸ್ತೀರ್ಣ ಅಷ್ಟೇ ಇರುತ್ತದೆ. ಇನ್ಸುಲೇಶನ್ ಸೇರಿ ಎತ್ತರ 250. ಪೂರ್ವದ ಅಂಚಿಗೆ ಇಟ್ಟರೆ ಮೇಲ್ಮೈ 2750, ತಳ 2500, ಆಂಗಲ್ ಸೇರಿ 2460. ಸೀಲಿಂಗಿನ 2475ಕ್ಕೆ 15 ಮಿ.ಮೀ. ಕಡಿಮೆ ಬಿತ್ತು. ಅದೇ ಡಕ್ಟನ್ನು ಪಶ್ಚಿಮದ ಅಂಚಿಗೆ, ಅಂದರೆ ಡ್ರೈನ್ ಇನ್ನೂ ಎತ್ತರದಲ್ಲಿರುವ ಕಡೆಗೆ ಸರಿಸಿದರೆ ಸುಮಾರು 20 ಮಿ.ಮೀ. ಸಿಗುತ್ತದೆ, ಆಂಗಲ್‌ನ ತಳ 2482ಕ್ಕೆ ಬಂದು 7 ಮಿ.ಮೀ. ಉಳಿಯುತ್ತದೆ. ಪರೀಕ್ಷೆ ಓಡಿಸಿದರೆ ಕ್ಲ್ಯಾಶ್ ಇಲ್ಲ ಎನ್ನುತ್ತದೆ. ಇದನ್ನು ಒಪ್ಪಬೇಡಿ. ಶಟರಿಂಗ್ ಹಲಗೆ ಸ್ವಲ್ಪ ಬಾಗಿದರೂ ಬೀಮಿನ ತಳ 10 ಮಿ.ಮೀ. ಇಳಿಯುವುದು ಸೈಟಿನಲ್ಲಿ ಸಾಮಾನ್ಯ, 7 ಮಿ.ಮೀ. ಎನ್ನುವುದು ಕಾಗದದ ಮೇಲಿನ ಜಾಗ ಮಾತ್ರ. ಅಲ್ಲದೆ ಚಪ್ಪಟೆ ಡಕ್ಟಿನ ಸುತ್ತಳತೆ ಜಾಸ್ತಿ, ಇಲ್ಲಿ 1.8 ಮೀಟರಿನಿಂದ 2.2ಕ್ಕೆ ಏರಿದೆ. ಘರ್ಷಣೆ ಹೆಚ್ಚಿ ಫ್ಯಾನಿನ ಒತ್ತಡ ಸಾಲದೇ ಹೋಗಬಹುದು, ಅದನ್ನು ಎ.ಸಿ. ಡಿಸೈನರೇ ಲೆಕ್ಕ ಹಾಕಿ ಹೇಳಬೇಕು.

ಇನ್ನೊಂದು ದಾರಿ ಅಂಚಿನ ಬೀಮುಗಳಲ್ಲಿ ಸ್ಲೀವ್, ಅಂದರೆ ಪೈಪು ತೂರಲು ಕಾಂಕ್ರೀಟಿಗೆ ಮೊದಲೇ ಕೂರಿಸುವ ಕೊಳವೆ, ಇಟ್ಟು ಪೈಪನ್ನು ಡಕ್ಟಿನ ಮೇಲಿನಿಂದ, ಅಡ್ಡ ಬೀಮುಗಳ ನಡುವಿನ ಖಾಲಿಯಲ್ಲಿ ದಾಟಿಸುವುದು. ಆರಂಭದಲ್ಲಿ ಪೈಪಿನ ತಳ 3220, ಪಶ್ಚಿಮದ ಬೀಮಿಗೆ 2.4 ಮೀಟರ್, ಅಲ್ಲಿ ತಳ 3180, ನಡು 3235. 160 ಮಿ.ಮೀ. ಸ್ಲೀವ್ 3155ರಿಂದ 3315ರವರೆಗೆ. ಬೀಮಿನ ಆಳದ ನಡುವಿನ ಮೂರನೇ ಒಂದು ಭಾಗ 3150ರಿಂದ 3350, ಸ್ಲೀವ್ ಅದರೊಳಗೆ ಕೂರುತ್ತದೆ. ಪೂರ್ವದ ಬೀಮಿನಲ್ಲಿ ಮಾತ್ರ 40 ಇಳಿದು 3115ರಿಂದ 3275, ನಡುಭಾಗದಿಂದ 35 ಮಿ.ಮೀ. ಹೊರಗೆ. ಎರಡೂ ಸ್ಲೀವನ್ನು ಒಂದೇ ಎತ್ತರದಲ್ಲಿ ಗುರುತಿಸಿ ಕಳಿಸುವುದು ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪು. ಹಾಗಾದರೆ ಕಾರಿಡಾರಿನ ನಡುವೆ ಪೈಪು ಮಟ್ಟಸವಾಗಿ ಮಲಗುತ್ತದೆ, ಸರಿಯಾಗಿ ಡಕ್ಟಿನ ಮೇಲೆಯೇ ಕಟ್ಟಿಕೊಳ್ಳುತ್ತದೆ. ಆರಂಭವನ್ನೇ 35 ಎತ್ತೋಣವೆಂದರೆ ಪೈಪಿನ ಮೇಲ್ಮೈಗೂ ಸ್ಲ್ಯಾಬಿಗೂ 35 ಮಿ.ಮೀ. ಮಾತ್ರ ಉಳಿದು ಬೆಂಡ್ ಕೂರುವುದಿಲ್ಲ. ನಡುವಿನ ಮೂರನೇ ಒಂದು ಭಾಗ ಎನ್ನುವುದು ಮೊದಲ ಜರಡಿಯಷ್ಟೇ, ಒಪ್ಪಿಗೆಯಲ್ಲ. ಸ್ಲೀವಿನ ಸುತ್ತ ಹೆಚ್ಚುವರಿ ಕಂಬಿ ಹಾಕಿ ಒಪ್ಪುವುದೋ ಬೇಡವೆನ್ನುವುದೋ ಸ್ಟ್ರಕ್ಚರಲ್ ಇಂಜಿನಿಯರರ ತೀರ್ಮಾನ.

ಇಷ್ಟೆಲ್ಲ ಲೆಕ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಡ್ರೈನ್ ಕಾರಿಡಾರನ್ನು ದಾಟಲೇಬೇಕೇ? ಟಾಯ್ಲೆಟ್ ಬದಿಯಲ್ಲೇ 450 × 600ರ ಒಂದು ಶಾಫ್ಟ್ ಸಿಕ್ಕರೆ ಸ್ಲೀವೂ ಬೇಡ, ಚಪ್ಪಟೆ ಡಕ್ಟೂ ಬೇಡ. ಸ್ಲ್ಯಾಬ್ ಹಾಕುವ ಮೊದಲಾದರೆ ಇದಕ್ಕೆ ತಗಲುವುದು ಆರ್ಕಿಟೆಕ್ಟರ ಒಂದು ನಕ್ಷೆ ತಿದ್ದುಪಡಿ. ನಮ್ಮ ಅಭಿಪ್ರಾಯದಲ್ಲಿ ಈ ಉದಾಹರಣೆಗೆ ಸರಿಯಾದ ಉತ್ತರವೂ ಇದೇ.

ಲಕ್ಷಣ: ಕ್ಲ್ಯಾಶ್ ಇಲ್ಲ ಎಂದರೂ ಸೈಟಿನಲ್ಲಿ ಕೂರುತ್ತಿಲ್ಲ

ಮಾಡೆಲಿನಲ್ಲಿ ಇಲ್ಲದ ವಸ್ತುವಿನ ಕ್ಲ್ಯಾಶ್ ಯಾವ ತಂತ್ರಾಂಶಕ್ಕೂ ಸಿಗದು. ಡಕ್ಟಿನ ಇನ್ಸುಲೇಶನ್ ಬರೆದಿದ್ದಾರೆಯೇ, ಬರೆದರೂ ರಫ್ತಿನಲ್ಲಿ ಬಂದಿದೆಯೇ ನೋಡಿ. ರಫ್ತು ಮಾಡಿದ ನೋಟದಲ್ಲಿ ಆ ವರ್ಗವನ್ನು ಮರೆಮಾಡಿದ್ದರೆ ಅದು ಬಂದಿರುವುದಿಲ್ಲ. ಹ್ಯಾಂಗರ್, ಡಕ್ಟ್ ಜೋಡಣೆಯ ಫ್ಲಾಂಜ್, ಡ್ರೈನಿನ ಕ್ಲೀನಿಂಗ್ ಮುಚ್ಚಳ ತೆರೆಯುವ ಜಾಗ, ಫೈರ್ ಡ್ಯಾಂಪರಿನ ಬಾಗಿಲು, ಇವನ್ನು ಯಾರೂ ಬರೆಯುವುದಿಲ್ಲ. ಅದಕ್ಕೆ ಹಾರ್ಡ್ ಪರೀಕ್ಷೆ ಶುದ್ಧವಾದ ಮೇಲೆ, ಎರಡು ವಸ್ತುಗಳ ನಡುವೆ ಬೇಕಾದಷ್ಟು ಅಂತರ ಇದೆಯೇ ಎಂದು ನೋಡುವ Clearance ಬಗೆಯಲ್ಲಿ ಇನ್ನೊಂದು ಓಡಿಸಿ: ಡಕ್ಟ್ ಮತ್ತು ಬೀಮ್ ನಡುವೆ 25, ಡಕ್ಟ್ ಮತ್ತು ಡ್ರೈನ್ ನಡುವೆ 50 ಇಟ್ಟು ಶುರು ಮಾಡಬಹುದು.

ಜಾಗ ಸಾಲದಾಗ ಸೈಟಿನಲ್ಲಿ ಮೊದಲು ಬಲಿಯಾಗುವುದು ಇನ್ಸುಲೇಶನ್. ಬೀಮಿಗೆ ತಾಗಿದ ಕಡೆ ಅದನ್ನು ಒತ್ತಿಯೋ ಕೊಯ್ದೋ ಡಕ್ಟನ್ನು ತುರುಕುತ್ತಾರೆ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುವ ಈ ಕರಾವಳಿಯಲ್ಲಿ ಸೀಲಿಂಗಿನೊಳಗಿನ ಗಾಳಿಯೂ ಹಸಿಯಾಗಿರುತ್ತದೆ. ಇನ್ಸುಲೇಶನ್ ತೆಳುವಾದ ಜಾಗದಲ್ಲಿ ಡಕ್ಟ್ ಬೆವರಿ ಸೀಲಿಂಗಿನ ಮೇಲೆ ಕಲೆ ಮೂಡುತ್ತದೆ. ಆ ಕಲೆಯನ್ನು ಎಲ್ಲರೂ ಡ್ರೈನ್ ಸೋರಿಕೆ ಎಂದೇ ತಿಳಿಯುತ್ತಾರೆ. ಎ.ಸಿ. ಓಡುವಾಗ ಮಾತ್ರ ಹನಿ ಬಿದ್ದರೆ ಅದು ಹೆಚ್ಚಾಗಿ ಡಕ್ಟಿನ ಬೆವರು ಅಥವಾ ಎ.ಸಿ. ಘಟಕದ ನೀರು ಹೋಗುವ ಸಣ್ಣ ಪೈಪು, ಮೇಲಿನ ಟಾಯ್ಲೆಟ್ ಬಳಸಿದಾಗ ಬಿದ್ದರೆ ಡ್ರೈನ್.

ಲಕ್ಷಣ: ಬಗೆಹರಿದದ್ದು ಮತ್ತೆ ಹೊಸದಾಗಿ ಬಂದಿದೆ

ಪೈಪನ್ನು ಸರಿಸದೆ ಅಳಿಸಿ ಮತ್ತೆ ಎಳೆದಿದ್ದಾರೆ. ಆಗ ಅದರ ಎಲಿಮೆಂಟ್ ಐಡಿ ಬದಲಾಗುತ್ತದೆ. ಹಳೆಯ ಸಾಲು Resolved ಆಗಿ, ಅದೇ ಜಾಗದ ಕ್ಲ್ಯಾಶ್ New ಎಂದು ಬರುತ್ತದೆ, ನೀವು Approved ಎಂದು ಗುರುತು ಹಾಕಿದ್ದೂ ಹೋಗುತ್ತದೆ. ಆದ್ದರಿಂದ Resolved ಸಂಖ್ಯೆ ಏರಿದೆ ಎಂದು ಮಾತ್ರ ನಂಬದೆ ಅದೇ ಗ್ರಿಡ್ಡಿನಲ್ಲಿ ಹೊಸದು ಹುಟ್ಟಿದೆಯೇ ನೋಡಿ. ಏನು ಮಾಡಿದರೂ ಪಟ್ಟಿ ಬದಲಾಗದಿದ್ದರೆ ನೀವು ತೆರೆದಿರುವುದು NWD ಬಗೆಯ ಫೈಲು ಇರಬೇಕು. ಅದು ಆ ದಿನದ ನಕಲು. ಹೊಸ ರಫ್ತುಗಳನ್ನು ಓದುವುದು NWF ಬಗೆಯ ಫೈಲು, ಅದೂ ಫೈಲುಗಳ ಹೆಸರು, ಜಾಗ ಬದಲಾಗದಿದ್ದರೆ. ರಫ್ತು ಫೈಲಿನ ಹೆಸರಿಗೆ ತಾರೀಕು ಸೇರಿಸುವ ಅಭ್ಯಾಸ ಇದನ್ನು ಮುರಿಯುತ್ತದೆ. ತಾರೀಕನ್ನು ಫೋಲ್ಡರಿನ ಹಳೆಯ ಪ್ರತಿಗೆ ಇಡಿ.

ಇಲ್ಲಿ ನಿಲ್ಲಿಸಿ, ಕೇಳಿ

ಬೀಮ್, ಕಂಬ, ಸ್ಲ್ಯಾಬಿನಲ್ಲಿ ತೂತು ಬೇಕೆನ್ನುವ ಯಾವ ಪರಿಹಾರವೂ ಮಾಡೆಲ್ ನೋಡುವವರ ಕೈಯಲ್ಲಿ ತೀರ್ಮಾನವಾಗುವಂಥದ್ದಲ್ಲ. ಸ್ಟ್ರಕ್ಚರಲ್ ಇಂಜಿನಿಯರರ ಸಹಿ ಇರುವ ನಕ್ಷೆ ಬರುವವರೆಗೆ ಆ ಗುಂಪು ತೆರೆದೇ ಇರಲಿ. ಕಂಬದ ಮುಖದಿಂದ ಬೀಮಿನ ಪರಿಣಾಮಕಾರಿ ಆಳದ ಎರಡರಷ್ಟು ದೂರದೊಳಗೆ ಸ್ಲೀವ್ ಬಂದಿದ್ದರೆ ಕೇಳುವ ಮೊದಲೇ ಬೇರೆ ದಾರಿ ಹುಡುಕಿ. ಭೂಕಂಪದ ಬಲಕ್ಕೆ ಐ.ಎಸ್. 13920 ಪ್ರಕಾರ ರಿಂಗುಗಳನ್ನು ಒತ್ತಾಗಿ ಕಟ್ಟುವ ಭಾಗ ಅದು.

ಕಾಂಕ್ರೀಟು ಬಿದ್ದಾದ ಮೇಲೆ ಕೋರ್ ಕಟಿಂಗ್ ಮಾತು ಬಂದರೆ ಇನ್ನೂ ಎಚ್ಚರ ಬೇಕು. ಕಂಬಿ ಎಲ್ಲಿದೆ ಎಂದು ಸ್ಕ್ಯಾನ್ ಮಾಡದೆ ಡ್ರಿಲ್ ಹಚ್ಚಬಾರದು. ಪೋಸ್ಟ್ ಟೆನ್ಶನ್ ಸ್ಲ್ಯಾಬ್ ಆಗಿದ್ದರೆ ಒಳಗಿನ ಕೇಬಲ್ ತುಂಡಾದಾಗ ಸುತ್ತ ನಿಂತವರ ಜೀವಕ್ಕೇ ಅಪಾಯ, ಅಲ್ಲಿ ಡಿಸೈನರ ಅನುಮತಿ ಇಲ್ಲದೆ ಒಂದು ಆಂಕರ್ ಕೂಡ ಹೊಡೆಯಬಾರದು. ನಡೆಯುತ್ತಿರುವ ಕಟ್ಟಡದ ಸೀಲಿಂಗ್ ಬಿಚ್ಚಿ ಅಳತೆ ತೆಗೆಯುವಾಗ ಆ ಭಾಗದ ವಿದ್ಯುತ್ ಕಡಿದು, ಏಣಿ ಹಿಡಿಯಲು ಇನ್ನೊಬ್ಬರನ್ನು ನಿಲ್ಲಿಸಿ ಹತ್ತಿ.

ಸ್ಲೀವ್ ಒಪ್ಪಿಗೆಯಾದರೆ ಪ್ರತಿ ಬೀಮಿನ ಸ್ಲೀವಿಗೂ ಬೇರೆ ಬೇರೆ ಎತ್ತರ ಬರೆದ ಹಾಳೆ ಸೈಟಿಗೆ ಹೋಗಲಿ. ಎತ್ತರವನ್ನು ಬೀಮಿನ ತಳದಿಂದ ಕೊಡಿ: ಮೇಲಿನ ಉದಾಹರಣೆಯಲ್ಲಿ ಸ್ಲೀವಿನ ನಡು ಪಶ್ಚಿಮದಲ್ಲಿ 285, ಪೂರ್ವದಲ್ಲಿ 245. ಶಟರಿಂಗ್ ಹಲಗೆಯಿಂದ ಟೇಪ್ ಹಿಡಿಯುವವರಿಗೆ ನೇರವಾಗಿ ಸಿಗುವ ಅಳತೆ ಅದೇ. ಫಿಟ್ಟರುಗಳು ಹೆಚ್ಚಿನವರು ಮಲಯಾಳಂ ಅಥವಾ ಹಿಂದಿ ಓದುವವರಾಗಿದ್ದರೆ ಬೀಮಿನ ಹೆಸರು, ದಿಕ್ಕನ್ನು ಆ ಭಾಷೆಯಲ್ಲೂ ಬರೆಯಿಸಿ, ಕಂಬಿ ಕಟ್ಟಿ ಮುಗಿದ ದಿನ, ಕಾಂಕ್ರೀಟಿನ ಹಿಂದಿನ ಸಂಜೆ, ಎರಡೂ ಎತ್ತರವನ್ನು ಟೇಪ್ ಹಿಡಿದು ನೋಡಿ ಫೋಟೋ ತೆಗೆಸಿಕೊಳ್ಳಿ.